ಲೀಗಲ್ ಒಪಿನಿಯನ್‌ನಲ್ಲಿ ನಾನು ಮೊದಲು ನೋಡುವುದು ಕೊನೆಯ ಪುಟ

ಸೈಟ್ ಕೊಳ್ಳುವ ಮುಂಚೆ ವಕೀಲರಿಂದ ಟೈಟಲ್ ವರದಿ ಮಾಡಿಸಿದೆ. ಮೊದಲ ಪುಟದಲ್ಲಿ ‘ಹಕ್ಕು ಸ್ಪಷ್ಟವಾಗಿದೆ, ಕೆಳಗಿನ ಅಂಶಗಳಿಗೆ ಒಳಪಟ್ಟು’ ಎಂದಿತ್ತು. ವಿಷಯವೆಲ್ಲ ಇರುವುದು ಆ ‘ಒಳಪಟ್ಟು’ ಎಂಬಲ್ಲೇ. ಹಾಗಾಗಿ ಕೊನೆಯ ಪುಟದ ಆಕ್ಷೇಪಣೆಗಳಿಂದ ಓದಲು ಶುರು ಮಾಡಿದೆ. ಪ್ರತಿಯೊಂದರ ಪಕ್ಕ ಒಂದೇ ಪ್ರಶ್ನೆ ಬರೆದುಕೊಂಡೆ: ಇದು ಸರಿಹೋಗಲು ಯಾರ ಸಹಿ ಬೇಕು?

ಹಿಂದಿನ ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿತ್ತು. ಆ ಪತ್ರ ಬರೆದುಕೊಟ್ಟವರು ಬದುಕಿದ್ದರು, ತಿದ್ದುಪಡಿ ಪತ್ರ ನೋಂದಾಯಿಸಿದರು, ಮುಗಿಯಿತು. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಇಸಿಯಲ್ಲಿ ಹಳೆಯ ಅಡಮಾನವೊಂದು ಹಾಗೇ ಉಳಿದಿತ್ತು. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರವನ್ನು ಮಾರಾಟಗಾರರು ತೋರಿಸಿದರು. ಅದರಿಂದ ಇಸಿಯಲ್ಲಿನ ನಮೂದು ಹೋಗುವುದಿಲ್ಲ. ಬ್ಯಾಂಕಿನವರೇ ಬಂದು ಋಣಮುಕ್ತಿ ಪತ್ರ ನೋಂದಾಯಿಸಬೇಕು, ಮೂಲ ದಾಖಲೆಗಳೂ ಕೈಗೆ ಬರಬೇಕು.

ತಲೆ ಕೆಡಿಸಿದ್ದು ಮೂರನೆಯದು. 2009ರಲ್ಲಿ ಹಿಂದಿನ ಮಾಲೀಕರು ಇದೇ ಜಾಗವನ್ನು ನಮ್ಮ ಮಾರಾಟಗಾರರಿಗೆ ಮಾರಿದ್ದರು. ಆ ಹಿಂದಿನ ಮಾಲೀಕರಿಗೆ ಅದು ಅಣ್ಣತಮ್ಮಂದಿರ ವಿಭಾಗಪತ್ರದಲ್ಲಿ ಬಂದ ಪಿತ್ರಾರ್ಜಿತ ಆಸ್ತಿ. ವಂಶವೃಕ್ಷದಲ್ಲಿ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಕ್ರಯಪತ್ರದಲ್ಲಿ ಒಬ್ಬ ಮಗಳ ಸಹಿ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. 2004ರ ಡಿಸೆಂಬರ್ 20ಕ್ಕೂ ಮೊದಲಿನ ಮಾರಾಟಗಳಿಗೆ ಅದರಲ್ಲಿ ರಕ್ಷಣೆ ಇದೆ, ಇದು ಅದರ ನಂತರದ್ದು. ‘ಮನೆಯ ಯಜಮಾನರು ಸಂಸಾರದ ಅಗತ್ಯಕ್ಕೆ ಮಾರಿದ್ದು, ಬಿಡಿ’ ಎಂದರು ಮಾರಾಟಗಾರರು. ಆ ವಾದಕ್ಕೆ ಕಾನೂನಿನಲ್ಲಿ ಜಾಗ ಇದೆ. ಆದರೆ ಅಂಥ ಅಗತ್ಯ ಇತ್ತು ಎಂದು ಕೋರ್ಟಿನಲ್ಲಿ ತೋರಿಸುವ ಹೊಣೆ ಕೊಂಡವರ ಮೇಲೆಯೇ ಬೀಳುತ್ತದೆ. ಇಂಡೆಮ್ನಿಟಿ ಬಾಂಡ್ ಬರೆದುಕೊಡುತ್ತೇನೆ ಎಂದೂ ಹೇಳಿದರು. ಅದು ನಷ್ಟವಾದರೆ ದುಡ್ಡು ಕೇಳುವ ದಾರಿ, ಅಷ್ಟೇ. ಆ ಮಗಳ ಪಾಲು ಅದರಿಂದ ಕರಗುವುದಿಲ್ಲ, ಅಲ್ವಾ?

ಆಕೆ ಬದುಕಿದ್ದಾರೆ, ದಾವೆ ಹಾಕಿಲ್ಲ, ಸಹಿಗೆ ಒಪ್ಪಿದರು. ಹಾಗಾಗಿ ಹಳೆಯ ಮಾರಾಟಕ್ಕೆ ಒಪ್ಪಿಗೆ ಇದೆ, ತನಗೆ ಹಕ್ಕಿಲ್ಲ ಎಂದು ದೃಢೀಕರಣ ಪತ್ರ ಬರೆದು ನೋಂದಾಯಿಸಿಕೊಟ್ಟರು. ಅದು ಆದ ಮೇಲೆಯೇ ಉಳಿದ ಹಣ ಎಂದು ಕರಾರಿನಲ್ಲಿ ಮೊದಲೇ ಹಾಕಿಸಿದ್ದೆ. ಆಕೆ ತೀರಿಹೋಗಿ, ವಾರಸುದಾರರಲ್ಲಿ ಮೈನರ್ ಮಕ್ಕಳಿದ್ದರೆ ನ್ಯಾಯಾಲಯದ ಅನುಮತಿ ತನಕ ಹೋಗಬೇಕಿತ್ತು. ದಾವೆ ನಡೆಯುತ್ತಿದ್ದರೆ ನಾನು ಹಿಂದೆ ಸರಿಯುತ್ತಿದ್ದೆ, ಯಾಕೆಂದರೆ ನಡುವೆ ಕೊಂಡವರಿಗೂ ಆ ತೀರ್ಪು ಅಂಟುತ್ತದೆ.

ಇದಕ್ಕೂ ಮೊದಲು ಬೇರೊಂದು ಜಾಗದ ವರದಿ ನೋಡಿದ್ದೆ. ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನು, ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೈ ಬದಲಾಗಿತ್ತು. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಅಂಥ ಮಾರಾಟವೇ ಅಸಿಂಧು. ಮೂಲ ಮಂಜೂರಾತಿದಾರರ ಮಕ್ಕಳೆಲ್ಲ ಈಗ ಒಪ್ಪಿ ಸಹಿ ಹಾಕಿದರೂ ಅದು ಸರಿಹೋಗುವುದಿಲ್ಲ. ದರ ಕಡಿಮೆ ಇತ್ತು, ಆದರೂ ಚೌಕಾಸಿಗೇ ಕೂರಲಿಲ್ಲ.