ಬೆಲೆ ಇಳಿಸದೆ ಗಿರಾಕಿಯ ಬೇಡಿಕೆಗೆ ಉತ್ತರಿಸುವುದು ಹೇಗೆ?

ಕೊಟೇಶನ್ ಕಳುಹಿಸಿದ ಎರಡು ದಿನಗಳ ಮೇಲೆ ಗಿರಾಕಿಯ ಫೋನ್ ಬರುತ್ತದೆ. ‘ನಿಮ್ಮ ಸರಕು ಹಿಡಿಸಿದೆ, ರೇಟಿನಲ್ಲಿ ಮಾತ್ರ ಹತ್ತು ಪರ್ಸೆಂಟ್ ಬಿಟ್ಟುಕೊಡಿ.’ ಆರ್ಡರ್ ಕೈತಪ್ಪಿಹೋದೀತೆಂಬ ಅಂಜಿಕೆಯಲ್ಲಿ ‘ಐದು ಬಿಡುತ್ತೇನೆ’ ಎಂದು ತಕ್ಷಣ ಹೇಳಿಬಿಡುವ ಮಾರಾಟಗಾರರು ಬಹಳ ಮಂದಿ. ಹಾಗೆ ಹೇಳಿದಾಗ ಹೋಗುವುದು ಐದು ಪರ್ಸೆಂಟ್ ಮಾತ್ರವಲ್ಲ. ಮೊದಲು ಹೇಳಿದ ದರವೇ ಉಬ್ಬಿಸಿದ್ದೆಂದು ಮಾರುವವರೇ ಒಪ್ಪಿಕೊಂಡಂತಾಗುತ್ತದೆ. ದರವನ್ನು ಹಾಗೆಯೇ ಉಳಿಸಿಕೊಂಡು, ಗಿರಾಕಿಗೆ ನಿಜವಾಗಿ ಬೇಕಾದ ಇನ್ನೊಂದನ್ನು ಸೇರಿಸಿ ಕೊಡುವ ದಾರಿ ಇದೆ. ಒಂದು ಕಚೇರಿಗೆ 60 ಮೇಜುಗಳನ್ನು ಮಾಡಿಕೊಡಲಿರುವ ತಯಾರಕರೊಬ್ಬರ ವ್ಯವಹಾರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ದಾರಿಯನ್ನು ನೋಡೋಣ.

ಮೊದಲು ಲೆಕ್ಕ

ಒಂದು ಮೇಜಿನ ಬೆಲೆ 100 ಎಂದುಕೊಳ್ಳೋಣ. ಅದು ಯಾವ ನಾಣ್ಯವಾದರೂ ಆಗಲಿ. ಮರ, ಕೂಲಿ, ಸಾಗಣೆ ಎಲ್ಲ ಸೇರಿ ಅಸಲು ಖರ್ಚು 70. ಅರವತ್ತು ಮೇಜಿಗೆ ಒಟ್ಟು ಬೆಲೆ 6000, ಅದರಲ್ಲಿ ಲಾಭ 1800. ಹತ್ತು ಪರ್ಸೆಂಟ್ ಬಿಟ್ಟರೆ ಗಿರಾಕಿಗೆ ಉಳಿಯುವುದು 600, ಆದರೆ ಆ 600 ಪೂರ್ತಿಯಾಗಿ ಲಾಭದಿಂದಲೇ ಹೋಗುವುದರಿಂದ ಮಾರಾಟಗಾರರ ಕೈಯಲ್ಲಿ ಉಳಿಯುವುದು 1200 ಮಾತ್ರ. ಅದೇ 1800ನ್ನು ಗಳಿಸಲು ಅವರು ಇಳಿಸಿದ ದರದಲ್ಲಿ 90 ಮೇಜುಗಳನ್ನು ಮಾರಬೇಕಾಗುತ್ತದೆ. ಹತ್ತು ಪರ್ಸೆಂಟ್ ರಿಯಾಯಿತಿಯನ್ನು ತುಂಬಿಕೊಳ್ಳಲು ಐವತ್ತು ಪರ್ಸೆಂಟ್ ಹೆಚ್ಚು ಮಾರಾಟ ಬೇಕು ಎಂಬುದನ್ನು ಫೋನ್ ಎತ್ತುವ ಮೊದಲೇ ಕಾಗದದ ಮೇಲೆ ಬರೆದುಕೊಂಡವರಿಗೆ, ‘ಇಲ್ಲ’ ಎನ್ನುವಾಗ ದನಿ ನಡುಗುವುದಿಲ್ಲ.

ಕೇಳಿದ ಕಾರಣವನ್ನು ಕೇಳಿ

ಬೆಲೆ ಹೆಚ್ಚಾಯಿತು ಎಂಬ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ. ಕೆಲವರಿಗೆ ಚೌಕಾಸಿ ರೂಢಿ. ಕೆಲವರು ಮೇಲಧಿಕಾರಿಗೆ ಏನಾದರೂ ಗಳಿಸಿದ್ದನ್ನು ತೋರಿಸಬೇಕು. ಕೆಲವರ ಬಳಿ ನಿಜಕ್ಕೂ ಅಷ್ಟು ಹಣವಿಲ್ಲ. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಏನನ್ನು ಸೇರಿಸಿದರೂ ಅದು ಕತ್ತಲೆಯಲ್ಲಿ ಎಸೆದ ಕಲ್ಲು. ಹಾಗಾಗಿ ಮೊದಲ ಉತ್ತರ ಒಂದು ಪ್ರಶ್ನೆಯಾಗಿರಲಿ: ‘ಈ ದರದಲ್ಲಿ ನಿಮಗೆ ತೊಂದರೆಯಾಗುತ್ತಿರುವುದು ಎಲ್ಲಿ ಮೇಡಂ? ಸ್ವಲ್ಪ ಬಿಡಿಸಿ ಹೇಳುತ್ತೀರಾ?’ ಕೇಳಿದ ಮೇಲೆ ಸುಮ್ಮನಿರಬೇಕು. ಆ ಮೌನವನ್ನು ಸಹಿಸಲಾಗದೆ ತಾವೇ ರಿಯಾಯಿತಿ ಘೋಷಿಸಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಮತ್ತು ಈ ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಇದೇ ಎಂದು ನನಗನ್ನಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಖರೀದಿ ಅಧಿಕಾರಿ ಹೇಳಿದ್ದು ಇಷ್ಟು: ‘ದರವೊಂದೇ ಅಲ್ಲ. ಹಳೆಯ ಮೇಜು ತೆಗೆಸಬೇಕು, ಹೊಸದನ್ನು ಜೋಡಿಸಬೇಕು, ಅದಕ್ಕೆಂದು ಎರಡು ದಿನ ಕೆಲಸ ನಿಲ್ಲುತ್ತದೆ. ಆ ಖರ್ಚೂ ನನ್ನ ಲೆಕ್ಕಕ್ಕೇ ಬರುತ್ತದೆ.’ ಅರವತ್ತು ಜನರ ಎರಡು ದಿನ ಎಂದರೆ 120 ಆಳುದಿನಗಳು. ಅವರ ನಿಜವಾದ ಹೊರೆ ಅಲ್ಲಿತ್ತು.

ಏನನ್ನು ಸೇರಿಸಬೇಕು?

ಸೇರಿಸುವ ವಸ್ತು ಅಥವಾ ಸೇವೆ ಮಾರುವವರಿಗೆ ಅಗ್ಗವಾಗಿ, ಕೊಳ್ಳುವವರಿಗೆ ಬೆಲೆಬಾಳುವಂತೆ ಇರಬೇಕು. ಗೋದಾಮಿನಲ್ಲಿ ಮಾರಾಟವಾಗದೆ ಉಳಿದ ಕುರ್ಚಿಗಳನ್ನು ‘ಉಚಿತ’ ಎಂದು ತಳ್ಳಿದರೆ ಗಿರಾಕಿಯ ತೊಂದರೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಮುಗಿಯದ ಉಚಿತ ರಿಪೇರಿಯ ಭರವಸೆ ಕೊಟ್ಟರೆ ಮಾರುವವರ ಖರ್ಚಿಗೆ ಮಿತಿಯೇ ಇರುವುದಿಲ್ಲ. ತಯಾರಕರು ಆರಿಸಿಕೊಂಡದ್ದು ರಜಾದಿನಗಳಲ್ಲಿ ಜೋಡಣೆ ಮತ್ತು ಹಳೆಯ ಮೇಜುಗಳ ತೆರವು. ಸರಕು ಇಳಿಸಿ ಖಾಲಿ ಮರಳುವ ವಾಹನದಲ್ಲೇ ಹಳೆಯ ಮೇಜುಗಳು ಹೋಗುತ್ತವೆ. ಕೆಲಸಗಾರರ ರಜಾದಿನದ ಹೆಚ್ಚುವರಿ ಕೂಲಿಯೂ ಸೇರಿ ಅವರಿಗೆ ಬಿದ್ದ ಖರ್ಚು 120. ಲಾಭ 1800ರಿಂದ 1680ಕ್ಕೆ ಇಳಿಯಿತು. ರಿಯಾಯಿತಿ ಕೊಟ್ಟಿದ್ದರೆ ಅದು 1200 ಆಗುತ್ತಿತ್ತು.

ಒಂದನ್ನೇ ಕೊಡಿ. ಮೂರು ನಾಲ್ಕು ಉಡುಗೊರೆಗಳನ್ನು ಒಟ್ಟಿಗೆ ಸುರಿದರೆ ಯಾವುದಕ್ಕೂ ತೂಕವಿರುವುದಿಲ್ಲ, ಇನ್ನೂ ಇರಬಹುದೆಂಬ ಆಸೆಯೂ ಹುಟ್ಟುತ್ತದೆ.

ಹೇಳುವ ರೀತಿ

ಮೊದಲು ದರದ ಮಾತು, ಆಮೇಲೆ ಸೇರ್ಪಡೆ, ಕೊನೆಗೆ ಷರತ್ತು. ಈ ಕ್ರಮ ತಪ್ಪಬಾರದು. ‘ಮೇಡಂ, ಮೇಜಿನ ದರ 100ರಿಂದ ಕೆಳಗಿಳಿಸಲು ನನಗಾಗುವುದಿಲ್ಲ. ಆದರೆ ನಿಮ್ಮ ಕಚೇರಿಯ ಕೆಲಸ ಒಂದು ದಿನವೂ ನಿಲ್ಲದಂತೆ ನೋಡಿಕೊಳ್ಳಬಲ್ಲೆ. ಶನಿವಾರ, ಭಾನುವಾರ ನಮ್ಮವರೇ ಬಂದು ಹಳೆಯದನ್ನು ತೆಗೆದು ಹೊಸದನ್ನು ಜೋಡಿಸಿ ಹೋಗುತ್ತಾರೆ. ಶುಕ್ರವಾರದೊಳಗೆ ಆರ್ಡರ್ ಖಚಿತವಾಗಿ, ಅರ್ಧ ಮುಂಗಡ ಬಂದರೆ ಇದಕ್ಕೆ ಬೇರೆ ಹಣ ತೆಗೆದುಕೊಳ್ಳುವುದಿಲ್ಲ.’ ‘ಕಷ್ಟವಾಗುತ್ತದೆ’, ‘ನೋಡೋಣ’ ಎಂಬ ಮಾತುಗಳು ಇಲ್ಲಿ ಬಾರದಿರಲಿ, ಏಕೆಂದರೆ ಗಿರಾಕಿಗೆ ಅವು ಇನ್ನೂ ತೆರೆದಿರುವ ಬಾಗಿಲಿನಂತೆ ಕೇಳಿಸುತ್ತವೆ. ಷರತ್ತು ಏಕೆಂದರೆ, ಪ್ರತಿಯಾಗಿ ಏನನ್ನೂ ಕೇಳದೆ ಕೊಟ್ಟದ್ದು ಮೊದಲಿನಿಂದಲೂ ತಮಗೆ ಸಲ್ಲಬೇಕಾದದ್ದೇ ಆಗಿತ್ತೆಂದು ಗಿರಾಕಿ ತಿಳಿಯುವ ಸಾಧ್ಯತೆ ಹೆಚ್ಚು.

ಆಮೇಲೆ ಪರಿಷ್ಕೃತ ಕೊಟೇಶನ್ನನ್ನು ಲಿಖಿತವಾಗಿ ಕಳುಹಿಸಬೇಕು. ಅದರಲ್ಲಿ ಜೋಡಣೆ ಮತ್ತು ತೆರವಿಗೆ ಪ್ರತ್ಯೇಕ ಸಾಲಿರಲಿ: ಸಾಮಾನ್ಯ ದರ 180, ಈ ಆರ್ಡರಿಗೆ ವಿನಾಯಿತಿ 180, ಬಾಕಿ ಸೊನ್ನೆ. ಈ 180 ಬೇರೆ ಗಿರಾಕಿಗಳಿಂದ ನಿಜವಾಗಿ ತೆಗೆದುಕೊಳ್ಳುವ ಮೊತ್ತವೇ ಆಗಿರಬೇಕು. ತೋರಿಕೆಗೆ ಹಿಗ್ಗಿಸಿದ ಅಂಕಿ ಒಂದು ಫೋನ್ ವಿಚಾರಣೆಯಲ್ಲಿ ಬಯಲಾಗುತ್ತದೆ. ಎಷ್ಟು ಮೇಜು, ಯಾವ ಎರಡು ದಿನ ಎಂಬ ಮಿತಿಯನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಮತ್ತೆ ಒತ್ತಾಯ ಬಂದರೆ

ಅನುಭವಿ ಖರೀದಿದಾರರು ಆ ಸಾಲನ್ನು ನೋಡಿ, ‘ಜೋಡಣೆ ನಾವೇ ಮಾಡಿಸಿಕೊಳ್ಳುತ್ತೇವೆ, ಆ 180ನ್ನು ಬೆಲೆಯಲ್ಲಿ ಕಡಿತ ಮಾಡಿ’ ಎನ್ನಬಹುದು. ಇದಕ್ಕೆ ಪ್ರಾಮಾಣಿಕ ಉತ್ತರ ಸಿದ್ಧವಿರಲಿ: ‘ನಮ್ಮ ಜನ, ನಮ್ಮ ವಾಹನ ಹೇಗೂ ಅಲ್ಲಿಗೆ ಬರುವುದರಿಂದ ಅದನ್ನು ಕೊಡಲು ಸಾಧ್ಯವಾಗಿದೆ, ಅದನ್ನು ನಗದಾಗಿ ಬದಲಿಸಲು ಬರುವುದಿಲ್ಲ.’ ಒಂದೇ ಬೇಡಿಕೆ ಮೂರನೆಯ ಬಾರಿಯೂ, ಹೊಸ ಕಾರಣವಿಲ್ಲದೆ ಬಂದರೆ, ಅದು ಚೌಕಾಸಿಯ ರೂಢಿಯೆಂದು ತಿಳಿಯಬಹುದು. ಅದೇ ಉತ್ತರವನ್ನು ಅದೇ ಸೌಜನ್ಯದಿಂದ ಮತ್ತೆ ಹೇಳಿದರೆ ಸಾಕು.

ಆದರೆ ಈ ವಿಧಾನ ಎಲ್ಲೆಡೆ ನಡೆಯುವುದಿಲ್ಲ. ಗಿರಾಕಿಗೆ ಮಂಜೂರಾದ ಹಣವೇ 5400 ಎಂದಾದರೆ ಎಂಥ ಸೇರ್ಪಡೆಯೂ ಆ ಕೊರತೆಯನ್ನು ತುಂಬಲಾರದು. ಆಗ ದರವನ್ನು ಹಾಗೆಯೇ ಉಳಿಸಿಕೊಂಡು ಸರಕನ್ನು ಕಡಿಮೆ ಮಾಡಬೇಕು: ಈಗ 54 ಮೇಜು, ಉಳಿದ ಆರು ಮುಂದಿನ ಮಂಜೂರಾತಿಗೆ. ‘ಬೇರೆಯವರು 90ಕ್ಕೆ ಕೊಡುತ್ತಿದ್ದಾರೆ’ ಎಂಬ ಮಾತು ಬಂದಾಗ ಆ ದರದಲ್ಲಿ ಸಾಗಣೆ, ಜೋಡಣೆ, ವಾರಂಟಿ ಸೇರಿವೆಯೇ ಎಂದು ಗಿರಾಕಿಯ ಜೊತೆ ಕುಳಿತು ಒಂದೊಂದಾಗಿ ಹೋಲಿಸಿ. ಎಲ್ಲವೂ ನಿಜಕ್ಕೂ ಒಂದೇ ಆಗಿದ್ದರೆ ನಿಮ್ಮ ಬೆಲೆಯೇ ಹೆಚ್ಚಿರಬಹುದು. ಆಗ ಸೇರ್ಪಡೆಗಳಿಂದ ಅದನ್ನು ಮುಚ್ಚಲು ಹೋಗದೆ ಅಸಲು ಖರ್ಚನ್ನು ಮತ್ತೆ ಪರಿಶೀಲಿಸುವುದು ಒಳ್ಳೆಯದು.

ಅದೇ ಕಚೇರಿ ಮುಂದೆ ಇನ್ನೂ 20 ಮೇಜುಗಳನ್ನು ಕೇಳಿದಾಗ ಆ ಪ್ರತ್ಯೇಕ ಸಾಲು ನೆರವಿಗೆ ಬರುತ್ತದೆ. ಮೇಜಿನ ದರ 100ರಿಂದಲೇ ಮಾತು ಆರಂಭವಾಗುತ್ತದೆ. ರಜಾದಿನದ ಜೋಡಣೆ ಬೇಕೆಂದರೆ ಅದಕ್ಕೂ ಒಂದು ದರವಿದೆ ಎಂಬುದು ಹಳೆಯ ಬಿಲ್ಲಿನಲ್ಲಿ ಆಗಲೇ ಬರೆದಿರುತ್ತದೆ.