ಹಳೇ ಗಿರಾಕಿಗಳನ್ನು ಗುಂಪು ಮಾಡಿದ್ದು: ಎಣ್ಣೆಗೆ ಒಂದು ಲೆಕ್ಕ, ಹಪ್ಪಳಕ್ಕೆ ಇನ್ನೊಂದು

ನಮ್ದು ಕಾಸರಗೋಡಿನ ಬದಿಯಡ್ಕ ಹತ್ರ, ಮನೆಯಲ್ಲೇ ಪ್ಯಾಕ್ ಮಾಡಿ ಕಳಿಸುವ ವ್ಯಾಪಾರ. ವರ್ಷವಿಡೀ ಗಾಣದ ತೆಂಗಿನೆಣ್ಣೆ, ಸೀಸನ್‌ನಲ್ಲಿ ಹಲಸಿನ ಹಪ್ಪಳ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ, ಪಾರ್ಸೆಲ್ ಹೆಚ್ಚಾಗಿ ಮಂಗಳೂರು, ಪುತ್ತೂರು, ಬೆಂಗಳೂರು ಕಡೆಗೆ. ಮೊದಲೆಲ್ಲ ಹಬ್ಬ ಬಂದ್ರೆ ಎಲ್ರಿಗೂ ಒಂದೇ ಮೆಸೇಜು, ಹತ್ತು ಪರ್ಸೆಂಟ್ ಕಡಿಮೆ ಅಂತ. ಆ ವಾರ ಆರ್ಡರ್ ಧಾರಾಳ ಬರ್ತಿತ್ತು, ಮುಂದಿನ ತಿಂಗಳು ಮಾತ್ರ ಖಾಲಿ. ಒಂದ್ಸಲ ಕೂತು ಆರ್ಡರ್ ಬುಕ್ ನೋಡಿದಾಗ ಕಾರಣ ಗೊತ್ತಾಯ್ತು, ಹೇಗೂ ತಗೊಳ್ತಿದ್ದವರೇ ಕಡಿಮೆ ರೇಟಿಗೆ ಎರಡು ತಿಂಗಳದ್ದು ಒಟ್ಟಿಗೆ ತಗೊಂಡಿದ್ರು, ಬಿಟ್ಟು ಹೋದವರು ಬರ್ಲೇ ಇಲ್ಲ.

ಹಾಗೆ ಶುರು ಮಾಡಿದ್ದು ಈ ಗುಂಪು ಮಾಡುವ ಕೆಲಸ. ಕೇಳುವ ಪ್ರಶ್ನೆ ಎರಡೇ: ಕೊನೇ ಆರ್ಡರ್ ಆಗಿ ಎಷ್ಟು ದಿನ ಆಯ್ತು, ಒಟ್ಟು ಎಷ್ಟು ಸಲ ತಗೊಂಡಿದ್ದಾರೆ.

ಲೆಕ್ಕಕ್ಕಿಂತ ಜಾಸ್ತಿ ಟೈಮ್ ಹೋದದ್ದು ಲಿಸ್ಟ್ ಸರಿ ಮಾಡುವುದಕ್ಕೆ. ಒಬ್ರದ್ದೇ ನಂಬರ್ ಒಂದ್ಕಡೆ +91 ಹಾಕಿ, ಒಂದ್ಕಡೆ ಸೊನ್ನೆ ಹಾಕಿ, ಒಂದ್ಕಡೆ ಮಧ್ಯೆ ಜಾಗ ಬಿಟ್ಟು ಬರೆದಿದ್ದೆ, ಶೀಟ್ ಅವರನ್ನು ಮೂರು ಬೇರೆ ಜನ ಅಂತ ಎಣಿಸ್ತದೆ, ಮೂರು ಸಲ ತಗೊಂಡ ಒಳ್ಳೆ ಗಿರಾಕಿ ಒಂದೊಂದೇ ಸಲ ತಗೊಂಡ ಮೂವರಾಗಿ ಕಾಣ್ತಾರೆ. ಗೂಗಲ್ ಶೀಟ್‌ನಲ್ಲಿ ಆರ್ಡರ್ ಬರೆಯುವ ಶೀಟಿನ ಹೆಸರು Orders, A ಕಾಲಮ್ಮಿನಲ್ಲಿ ತಾರೀಕು, B ಕಾಲಮ್ಮಿನಲ್ಲಿ ಬರೆದ ಹಾಗೇ ನಂಬರ್, C ಕಾಲಮ್ಮಿನಲ್ಲಿ ಅದರ ಕೊನೇ ಹತ್ತು ಅಂಕೆ ಮಾತ್ರ ಇಟ್ಕೊಂಡೆ:

```
=RIGHT(REGEXREPLACE(TO_TEXT(B2),"\D",""),10)
```

ಆರ್ಡರ್ ಹಾಕುವುದು ಹೆಂಡತಿ ಫೋನಿಂದ, ದುಡ್ಡು ಬರುವುದು ಗಂಡನ ನಂಬರಿಂದ, ಅಂಥದ್ದನ್ನೆಲ್ಲ ಅಡ್ರೆಸ್ ನೋಡಿ ಕೈಯಲ್ಲೇ ಸೇರಿಸಿದೆ. ಬೆಳಿಗ್ಗೆ ಎರಡು ಲೀಟರ್ ಹೇಳಿ ಸಂಜೆ "ಇನ್ನೊಂದು ಲೀಟರ್ ಸೇರಿಸಿ ಅಣ್ಣ" ಅಂದದ್ದೂ ಎರಡು ಆರ್ಡರ್ ಅಲ್ಲ, ಮೂರು ದಿನದೊಳಗೆ ಬಂದದ್ದನ್ನೆಲ್ಲ ಒಂದೇ ಸಾಲು ಮಾಡಿದೆ. ಇದನ್ನು ಮಾಡದಿದ್ರೆ ಸುಮ್ನೆ ಮರೆತವರೂ ಕಾಯಂ ಗಿರಾಕಿಗಳ ಗುಂಪಿಗೆ ಹೋಗ್ತಾರೆ.

ಆಮೇಲೆ ಗಿರಾಕಿಗೆ ಒಂದು ಸಾಲಿನಂತೆ ಬೇರೆ ಶೀಟ್. A ಕಾಲಮ್ಮಿನಲ್ಲಿ ನಂಬರ್, ಬಾಕಿ ಹೀಗೆ:

```
B2: =MAXIFS(Orders!A:A,Orders!C:C,A2)
C2: =COUNTIFS(Orders!C:C,A2)
D2: =MINIFS(Orders!A:A,Orders!C:C,A2)
E2: =IF(C2>1,(B2-D2)/(C2-1),"")
F2: =TODAY()-B2
```

B ಕೊನೇ ಆರ್ಡರ್, C ಎಷ್ಟು ಸಲ, D ಮೊದಲ ಆರ್ಡರ್, F ಇವತ್ತಿಗೆ ಎಷ್ಟು ದಿನ ಆಯ್ತು ಅಂತ. E ಕಾಲಮ್ಮೇ ಇದರ ಜೀವ, ಒಬ್ಬರು ಎರಡು ಆರ್ಡರ್ ನಡುವೆ ಸರಾಸರಿ ಎಷ್ಟು ದಿನ ಬಿಡ್ತಾರೆ ಅಂತ. ಅದರ `=MEDIAN(E:E)` ನೋಡಿದೆ, ನಮ್ಮ ಎಣ್ಣೆಗೆ 38 ದಿನ ಬಂತು. ಆವರೇಜ್ ಹಾಕಿದ್ರೆ ವರ್ಷ ಬಿಟ್ಟು ಬಂದ ನಾಲ್ಕೈದು ಜನ ಸೇರಿ ಅದನ್ನು ಎಲ್ಲಿಗೋ ಎಳ್ಕೊಂಡು ಹೋಗ್ತಾರೆ, ಅದಕ್ಕೆ ಮೀಡಿಯನ್, ಅಂದ್ರೆ ಎಲ್ಲ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ. ಬೇರೆಯವರು ಹೇಳುವ 30 ದಿನ, 90 ದಿನ ಎಲ್ಲ ಅವರವರ ಸಾಮಾನಿಗೆ ಸರಿ ಇರ್ಬಹುದು, ನಮ್ಮ ಗೆರೆ ನಮ್ಮ ಎಣ್ಣೆ ಎಷ್ಟು ದಿನಕ್ಕೆ ಮುಗೀತದೆ ಅನ್ನುವುದರಿಂದಲೇ ಬರಬೇಕು. ನಾನು 45 ದಿನದೊಳಗೆ ಇದ್ದವರನ್ನು ಹತ್ತಿರ, 45ರಿಂದ 90 ತಡ, ಅದರಾಚೆ ದೂರ ಅಂತ ಮೂರು ಮಾಡಿದೆ. ಎಷ್ಟು ಸಲ ಅನ್ನುವುದಕ್ಕೂ ಮೂರೇ: ಒಂದು ಸಲ, ಎರಡು ಮೂರು ಸಲ, ನಾಲ್ಕು ಮತ್ತು ಅದಕ್ಕಿಂತ ಮೇಲೆ. ಇದಕ್ಕಿಂತ ಸಣ್ಣದಾಗಿ ಒಡೆದ್ರೆ ಒಂದೊಂದು ಗುಂಪಲ್ಲಿ ಐದಾರು ಜನ ಉಳೀತಾರೆ, ಅದರಲ್ಲಿ ಎಂತದೂ ಗೊತ್ತಾಗುವುದಿಲ್ಲ.

ಇಷ್ಟು ಮಾಡಿದ ಮೇಲೂ ನಾನೊಂದು ದೊಡ್ಡ ತಪ್ಪು ಮಾಡಿದೆ. ಹಪ್ಪಳದವರನ್ನೂ ಇದೇ ಶೀಟಿಗೆ ಹಾಕಿದ್ದೆ. ಹಲಸಿನ ಹಪ್ಪಳ ಬೇಸಿಗೆಯಲ್ಲಿ ಮಾಡಿ ಮಳೆ ಹಿಡಿಯುವಷ್ಟರಲ್ಲಿ ಖಾಲಿಯಾಗುವ ಸಾಮಾನು, ತಗೊಳ್ಳುವವರು ವರ್ಷಕ್ಕೊಮ್ಮೆ ತಗೊಳ್ತಾರೆ. ಫೆಬ್ರವರಿಯಲ್ಲಿ ನೋಡಿದಾಗ ಅವರೆಲ್ಲ 'ದೂರ'ದ ಗುಂಪಲ್ಲಿ ಇದ್ರು, ನಾಲ್ಕು ವರ್ಷದಿಂದ ತಪ್ಪದೆ ತಗೊಳ್ಳುವ ಒಬ್ರು ಅಕ್ಕನೂ ಸೇರಿ. ಎಲ್ರಿಗೂ ಆಫರ್ ಕಳಿಸಿದೆ, ಅವರು "ಹಪ್ಪಳ ಆಯ್ತಾ?" ಅಂತ ಸಂತೋಷದಲ್ಲಿ ಕೇಳಿದ್ರು, ನಮ್ಮ ಹತ್ರ ಒಂದು ಕಟ್ಟೂ ಇಲ್ಲ. ಈಗ ಹಪ್ಪಳಕ್ಕೆ ದಿನ ಎಣಿಸುವುದೇ ಇಲ್ಲ, ಸೀಸನ್ ಎಣಿಸುವುದು. ಕಳೆದ ಸೀಸನ್ ತಗೊಂಡಿದ್ದಾರಾ, ಅದರ ಹಿಂದಿನದ್ದರಲ್ಲಿ ತಗೊಂಡಿದ್ದಾರಾ, ಅಷ್ಟೇ. ಹಿಂದಿನದ್ದರಲ್ಲಿ ತಗೊಂಡು ಕಳೆದ ಸಲ ಬಿಟ್ಟವರೇ ನಿಜವಾಗಿ ತಡವಾದವರು, ಅವರಿಗೆ ಮೊದಲ ಹಪ್ಪಳ ಒಣಗುವಾಗಲೇ ಹೇಳ್ತೇನೆ.

ಎಣ್ಣೆಯಲ್ಲಿ ಕಾಯಂ ತಗೊಳ್ಳುವವರಿಗೆ ಡಿಸ್ಕೌಂಟ್ ಪೂರ್ತಿ ನಿಲ್ಲಿಸಿದೆ. ಅವರಿಗೆ ಬೇಕಾದ್ದು ಬೇರೆ, ಹೊಸ ಎಣ್ಣೆ ತೆಗೆದ ದಿನ ಮೊದಲು ಅವರಿಗೇ ತಿಳಿಸುವುದು. ಒಂದೇ ಸಲ ತಗೊಂಡು ದೂರ ಹೋದವರನ್ನು ಮುಟ್ಟುವುದಿಲ್ಲ. ಒಂದೇ ಸಲ ತಗೊಂಡ ಹೊಸಬರಿಗೆ ಮೂವತ್ತನೇ ದಿನ, ಅಂದ್ರೆ ಬಾಟ್ಲಿ ತಳ ಕಾಣುವ ಹೊತ್ತಿಗೆ ಒಂದು ಮೆಸೇಜು. ಬ್ರಾಡ್‌ಕಾಸ್ಟ್ ಮಾಡುವವರು ಇದನ್ನು ನೆನಪಿಡಿ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳದವರಿಗೆ ಅದು ಹೋಗುವುದೇ ಇಲ್ಲ, ಹೊಸಬರಲ್ಲಿ ಹೆಚ್ಚಿನವರು ಸೇವ್ ಮಾಡಿರುವುದಿಲ್ಲ. ಅವರಿಗೆ ಒಬ್ಬೊಬ್ಬರಿಗೇ ಕಳಿಸಬೇಕು.

ನಿಜವಾದ ಕೆಲಸ ಇರುವುದು ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ತಗೊಂಡು ಈಗ ತಡ ಆದವರಲ್ಲಿ. ಮೊದಲ ಸಲ ಅಂಥವರು 46 ಜನ ಸಿಕ್ಕಿದ್ರು. ಪಕ್ಕದ ಕಾಲಮ್ಮಿಗೆ `=RAND()` ಹಾಕಿ, ವ್ಯಾಲ್ಯೂ ಮಾತ್ರ ಪೇಸ್ಟ್ ಮಾಡಿ, ಅದರ ಮೇಲೆ ಸಾರ್ಟ್ ಮಾಡಿ ಅರ್ಧ ಮಾಡಿದೆ. 23 ಜನರಿಗೆ ಕೊರಿಯರ್ ಫ್ರೀ ಅಂತ ಕಳಿಸಿದೆ, 23 ಜನರಿಗೆ ಏನೂ ಕಳಿಸ್ಲಿಲ್ಲ. ಒಂದು ತಿಂಗಳಲ್ಲಿ ಕಳಿಸಿದವರಲ್ಲಿ 9 ಆರ್ಡರ್ ಬಂತು, ಕಳಿಸದವರಲ್ಲೂ 5 ಬಂತು. ಅಂದ್ರೆ ಆಫರಿಂದ ಬಂದದ್ದು ಒಂಬತ್ತಲ್ಲ, ಸುಮಾರು ನಾಲ್ಕು. ಕೊರಿಯರ್ ಖರ್ಚು ಮಾತ್ರ ಒಂಬತ್ತಕ್ಕೂ ನಾನೇ ಕೊಟ್ಟದ್ದು, 70ರಂತೆ 630 ರೂಪಾಯಿ. ನಾಲ್ಕು ಆರ್ಡರಿನ ಲಾಭ 180ರಂತೆ 720. ಉಳಿದದ್ದು 90 ರೂಪಾಯಿ. ಆ ಅರ್ಧ ಜನರಿಗೆ ಕಳಿಸದೆ ಇಟ್ಟು ಹೋಲಿಸಿ ನೋಡದೆ ಇದ್ದಿದ್ರೆ ಸಾವಿರ ರೂಪಾಯಿ ಲಾಭ ಅಂತಲೇ ಲೆಕ್ಕ ಬರೀತಿದ್ದೆ.

ಮುಂದಿನ ಸಲ ಆಫರ್ ಇಲ್ಲದೆ "ಎಣ್ಣೆ ಮುಗೀತಾ, ಹೇಗಿತ್ತು?" ಅಂತ ಮಾತ್ರ ಕೇಳಿದೆ. 22ರಲ್ಲಿ 8 ಬಂತು, ಕೇಳದ 22ರಲ್ಲಿ 4. ಸಂಖ್ಯೆ ಸಣ್ಣದು, ಒಂದು ತಿಂಗಳದ್ದು ನೋಡಿ ನಂಬುವ ಹಾಗಿಲ್ಲ, ಮತ್ತೆ ಮೂರು ತಿಂಗಳು ಹೀಗೇ ಮಾಡಿ ಕೂಡಿಸಿದ ಮೇಲೆಯೇ ಫ್ರೀ ಕೊರಿಯರ್ ಬಿಟ್ಟದ್ದು.

ಕೇಳಿದ್ದರಿಂದ ಇನ್ನೊಂದು ಗೊತ್ತಾಯ್ತು. ಪುತ್ತೂರಿನ ಒಬ್ರು ಟೀಚರ್, 35 ದಿನಕ್ಕೊಮ್ಮೆ ಅಂತ ಏಳು ಸಲ ತಗೊಂಡವರು, 80 ದಿನ ಸುದ್ದಿ ಇಲ್ಲ. "ಕಳೆದ ಸಲ ಮುಚ್ಚಳದ ಹತ್ರ ಸೋರಿ ಡಬ್ಬ ಪೂರ್ತಿ ಎಣ್ಣೆ ಆಗಿತ್ತು, ಹೇಳುವುದು ಹೇಗೆ ಅಂತ ಸುಮ್ನಾದೆ" ಅಂದ್ರು. ಅವರ ಪಾರ್ಸೆಲ್ ಹೋದ ದಿನದ ಬಾಕಿ ಆರ್ಡರ್ ತೆಗೆದು ನೋಡಿದ್ರೆ ಅದೇ ಲಾಟಿನ ಬಾಟ್ಲಿ ಹೋದ ಇನ್ನೂ ನಾಲ್ಕು ಮನೆ 'ತಡ'ದಲ್ಲೇ ಇತ್ತು. ಎಲ್ರಿಗೂ ಫೋನ್ ಮಾಡಿ ಬೇರೆ ಬಾಟ್ಲಿ ಕಳಿಸಿದೆ, ಈಗ ಮುಚ್ಚಳದ ಒಳಗೆ ಸೀಲ್ ಹಾಕ್ತೇವೆ.

2025ರಲ್ಲಿ ತೆಂಗಿನೆಣ್ಣೆ ರೇಟು ಏರಿದಾಗ 'ತಡ'ದ ಗುಂಪು ಒಮ್ಮೆಲೇ ದೊಡ್ಡದಾಯ್ತು. ಜನ ಬಿಟ್ಟದ್ದಲ್ಲ, ಬೇರೆ ಎಣ್ಣೆ ಜೊತೆ ಸೇರಿಸಿ ನಿಧಾನಕ್ಕೆ ಬಳಸ್ತಿದ್ರು. ರೇಟು ಏರಿದ ಆರು ತಿಂಗಳ ಆರ್ಡರ್ ಮಾತ್ರ ತಗೊಂಡು ಮೀಡಿಯನ್ ಹಾಕಿದ್ರೆ 38 ಇದ್ದದ್ದು 46 ಆಗಿತ್ತು, ಗೆರೆಯನ್ನು 45ರಿಂದ 55ಕ್ಕೆ ಸರಿಸಿದೆ.