80 ಪಿಪಿಎಂ ತಪ್ಪು ಎಲ್ಲಿಂದ ಬಂತು?

ಲೇಸರ್ ಹೊಡೆದು ಅಯಾನುಗಳನ್ನು ಹಾರಿಸಿ, ಅವು ಡಿಟೆಕ್ಟರ್ ಮುಟ್ಟುವ ಹೊತ್ತಿನಿಂದ ತೂಕ ಅಳೆಯುವ ಮಾಲ್ಡಿ ಟಾಫ್ ಯಂತ್ರದಲ್ಲಿ ನಾನು ಮೊದಲು ಓಡಿಸಿದ್ದು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿದ ಬಿಎಸ್‌ಎ, ಅಂದರೆ ಹಸುವಿನ ರಕ್ತದ ಒಂದು ಪ್ರೋಟೀನ್. ಯಾವ ಪೆಪ್ಟೈಡ್, ಅಂದರೆ ಯಾವ ಪ್ರೋಟೀನ್ ತುಂಡು, ಎಲ್ಲಿ ಬರಬೇಕು ಅನ್ನೋದು ಗೊತ್ತಿರುವ ಸ್ಯಾಂಪಲ್. ಆದರೂ 927.493ರಲ್ಲಿ ಬರಬೇಕಾದ ಪೀಕ್ 927.567ರಲ್ಲಿತ್ತು. 1479.795ರದ್ದು 1479.913ರಲ್ಲಿ.

ಮೊದಲು ಪೆಪ್ಟೈಡಿಗೇ ಏನೋ ಅಂಟಿಕೊಂಡಿದೆ ಅಂದುಕೊಂಡೆ. ಸೋಡಿಯಂ ಅಂಟಿದ್ದರೆ ಎಲ್ಲ ಪೀಕ್‌ಗಳೂ ಸುಮಾರು 22ರಷ್ಟು ಮೇಲೆ ಹೋಗಬೇಕು. ಇಲ್ಲಿ ಹಾಗಿರಲಿಲ್ಲ. ಮೊದಲನೆಯದು 0.074, ಎರಡನೆಯದು 0.118 ಜಾರಿತ್ತು. ತೂಕದಿಂದ ಭಾಗಿಸಿ ನೋಡಿದರೆ ಎರಡೂ ಸುಮಾರು 80 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 80 ಭಾಗ. ತೂಕ ಹೆಚ್ಚಿದಂತೆ ತಪ್ಪೂ ಬೆಳೆಯುತ್ತಿದೆ ಅಂದರೆ ಸ್ಯಾಂಪಲ್ ಸರಿ ಇದೆ, ಅಳತೆಗೋಲೇ ಜಾರಿದೆ.

ಆಮೇಲೆ ಸ್ಯಾಂಪಲ್ ಹಾಕಿದ ಪ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿದೆ. ಸ್ಯಾಂಪಲ್ಲಿಗೆ ಮ್ಯಾಟ್ರಿಕ್ಸ್ ಆಗಿ, ಅಂದರೆ ಲೇಸರ್ ಶಕ್ತಿಯನ್ನು ಹೀರಿ ಅಯಾನು ಹೊರಡಿಸುವ ಹರಳಾಗಿ, ಡಿಎಚ್‌ಬಿ ಬಳಸಿದ್ದೆ. ಅದು ಅಂಚಿನಲ್ಲಿ ಸೂಜಿಯಂಥ ದಪ್ಪ ಹರಳು ಕಟ್ಟಿತ್ತು, ನಡುವೆ ಏನೂ ಇಲ್ಲ. ತೂಕ ಗೊತ್ತಿರುವ ಪೆಪ್ಟೈಡುಗಳ ಕ್ಯಾಲಿಬ್ರೇಶನ್ ಮಿಶ್ರಣವನ್ನು ಮಾತ್ರ ಸಿಎಚ್‌ಸಿಎ ಎಂಬ ಇನ್ನೊಂದು ಮ್ಯಾಟ್ರಿಕ್ಸಿನಲ್ಲಿ, ಪ್ಲೇಟಿನ ಇನ್ನೊಂದು ತುದಿಯಲ್ಲಿ ಹಾಕಿದ್ದೆ. ಹರಳಿನ ದಿಬ್ಬದಿಂದ ಹೊರಟ ಅಯಾನು, ತಗ್ಗಿನಿಂದ ಹೊರಟದ್ದು ಒಂದೇ ಹೊತ್ತಿಗೆ ಡಿಟೆಕ್ಟರ್ ಮುಟ್ಟುವುದಿಲ್ಲ ಅಲ್ವಾ? ಪ್ಲೇಟು ಕೊಂಚ ಸೊಟ್ಟಗಿದ್ದರೂ ಅದೇ ಕಥೆ. ಸಾಲದ್ದಕ್ಕೆ, ಸಿಗ್ನಲ್ ಹುಡುಕುತ್ತಾ ಲೇಸರ್ ಶಕ್ತಿಯನ್ನು ಜಾಸ್ತಿ ಮಾಡಿದ್ದೆ. ಅದು ಪೀಕ್‌ಗಳನ್ನು ಅಗಲ ಮಾಡುತ್ತದೆ.

ಎರಡನೇ ಸಲ ಎರಡಕ್ಕೂ ಸಿಎಚ್‌ಸಿಎ. ಅರ್ಧ ನೀರು, ಅರ್ಧ ಅಸಿಟೋನೈಟ್ರೈಲ್, 0.1% ಟಿಎಫ್‌ಎ ಆಮ್ಲ, ಅದರಲ್ಲಿ ಮಿಲಿಲೀಟರಿಗೆ 5 ಮಿಲಿಗ್ರಾಂ. ಸ್ಯಾಂಪಲ್ ಅರ್ಧ ಮೈಕ್ರೋಲೀಟರ್, ಮ್ಯಾಟ್ರಿಕ್ಸ್ ಅರ್ಧ. ಸುಮ್ನೆ ಒಣಗಲು ಬಿಟ್ಟೆ. ತೆಳುವಾದ, ಸಣ್ಣ ಹಳದಿ ಹರಳು ಇಡೀ ಸ್ಪಾಟ್ ತುಂಬ ಹರಡಿತು. ಇದರ ಇನ್ನೊಂದು ಅನುಕೂಲ ಅಂದರೆ ತೊಳೆಯಬಹುದು. ತಣ್ಣಗಿನ 0.1% ಟಿಎಫ್‌ಎ ಒಂದು ಹನಿ ಇಟ್ಟು, ಕೆಲವು ಸೆಕೆಂಡಿನಲ್ಲಿ ಹೀರಿ ತೆಗೆದರೆ ಉಪ್ಪು ಹೋಗುತ್ತದೆ, ಹರಳು ಉಳಿಯುತ್ತದೆ. ಡಿಎಚ್‌ಬಿ ನೀರಿನಲ್ಲೇ ಕರಗುತ್ತದೆ, ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಹಾಗಂತ ಡಿಎಚ್‌ಬಿಯನ್ನು ಬಿಟ್ಟಿಲ್ಲ. ಸಿಎಚ್‌ಸಿಎಯಲ್ಲಿ ಅಯಾನುಗಳು ಬೇಗ ಒಡೆಯುತ್ತವೆ, ಆದ್ದರಿಂದ ಫಾಸ್ಫೇಟ್ ಇರುವ ಪೆಪ್ಟೈಡುಗಳಿಗೆ ಇವತ್ತಿಗೂ ಡಿಎಚ್‌ಬಿಯೇ ಹಾಕುತ್ತೇನೆ.

ಕ್ಯಾಲಿಬ್ರೇಶನ್ ಸ್ಪಾಟನ್ನು ಸ್ಯಾಂಪಲ್ಲಿನ ಪಕ್ಕಕ್ಕೇ ತಂದೆ. ತಪ್ಪು 25 ಪಿಪಿಎಂಗೆ ಇಳಿಯಿತು. ಉಳಿದದ್ದಕ್ಕೆ ಟ್ರಿಪ್ಸಿನ್ನೇ ನೆರವಾಯಿತು. ಹಂದಿಯ ಟ್ರಿಪ್ಸಿನ್ ತನ್ನನ್ನೇ ಕತ್ತರಿಸಿಕೊಂಡು 842.509 ಮತ್ತು 2211.104ರಲ್ಲಿ ಪೀಕ್ ಕೊಡುತ್ತದೆ. ಅವೆರಡನ್ನೂ ಹಿಡಿದು ಅದೇ ಸ್ಪೆಕ್ಟ್ರಮ್ಮನ್ನು ಮತ್ತೆ ಸರಿಪಡಿಸಿದಾಗ 1479.795ರದ್ದು 1479.806ರಲ್ಲಿ ಬಂತು, ಏಳು ಪಿಪಿಎಂ ಚಿಲ್ಲರೆ. ಆದರೆ ಈ ಎರಡರ ನಡುವಿನ ಪೀಕ್‌ಗಳನ್ನಷ್ಟೇ ನಂಬುತ್ತೇನೆ. 842ರ ಪೀಕ್ ಸಣ್ಣದಾಗಿ ಮ್ಯಾಟ್ರಿಕ್ಸಿನ ಗದ್ದಲದಲ್ಲಿ ಮುಳುಗಿದ್ದರೆ ಅದನ್ನು ಬಿಟ್ಟು, ಪಕ್ಕದ ಸ್ಪಾಟಿನ ಕ್ಯಾಲಿಬ್ರೇಶನ್ನನ್ನೇ ಇಟ್ಟುಕೊಳ್ಳುತ್ತೇನೆ.